ಬಿಟ್‌ಕಾಯಿನ್ ‘ಪೆಂಡಿಂಗ್’ ಎಂದು ತೋರಿಸಿದರೆ ಹಣ ಎಲ್ಲಿರುತ್ತದೆ? ‘ರಿಲೀಸ್ ಫೀ’ ಕಟ್ಟಬೇಕೇ?

“ನಿಮ್ಮ ಬಿಟ್‌ಕಾಯಿನ್ ನೆಟ್‌ವರ್ಕ್‌ನಲ್ಲಿ ಸಿಕ್ಕಿಹಾಕಿಕೊಂಡಿದೆ. ರಿಲೀಸ್ ಫೀ ಕಟ್ಟಿದರೆ ಒಂದು ಗಂಟೆಯಲ್ಲಿ ಬಿಡಿಸಿಕೊಡುತ್ತೇವೆ.” ವಾಟ್ಸಾಪ್, ಟೆಲಿಗ್ರಾಂಗಳಲ್ಲಿ ಹೀಗೆ ಹೇಳುವವರು ಸಾಮಾನ್ಯವಾಗಿ ಒಂದು ಸ್ಕ್ರೀನ್‌ಶಾಟ್ ಕೂಡ ಕಳಿಸುತ್ತಾರೆ. ಅದರಲ್ಲಿ Unconfirmed ಎಂದು ಬರೆದಿರುತ್ತದೆ. ಸ್ಕ್ರೀನ್‌ಶಾಟ್ ನಿಜವೇ ಇರಬಹುದು. ಆದರೆ ಅದಕ್ಕೆ ಅವರು ಕೊಡುವ ವಿವರಣೆ ಸುಳ್ಳು. ಕನ್ಫರ್ಮ್ ಆಗದ ಹಣ ದಾರಿಯಲ್ಲಿ ಎಲ್ಲೂ ಸಿಕ್ಕಿಕೊಂಡಿರುವುದಿಲ್ಲ. ಅದು ಇನ್ನೂ ಕಳುಹಿಸಿದವರ ವಿಳಾಸದಿಂದ ಹೊರಟೇ ಇಲ್ಲ.

ನೀವು ವಾಲೆಟ್‌ನಲ್ಲಿ ‘ಸೆಂಡ್’ ಒತ್ತಿದಾಗ ಹೊರಡುವುದು ಹಣವಲ್ಲ, ನಿಮ್ಮ ಸಹಿ ಇರುವ ಒಂದು ಸೂಚನೆ. “ನನ್ನ ಈ ನಾಣ್ಯವನ್ನು ಇಂಥ ವಿಳಾಸಕ್ಕೆ ಕೊಡಿ” ಎಂಬುದು ಅದರ ಸಾರ. ಬಿಟ್‌ಕಾಯಿನ್ ಜಾಲದ ಕಂಪ್ಯೂಟರ್‌ಗಳು ಸಹಿ ಸರಿಯಿದೆಯೇ ಎಂದು ನೋಡಿ, ಅದನ್ನು ತಮ್ಮ ಬಳಿಯ ಕಾಯುವ ಪಟ್ಟಿಗೆ ಸೇರಿಸಿಕೊಳ್ಳುತ್ತವೆ. ಈ ಪಟ್ಟಿಯೇ ಮೆಂಪೂಲ್. ಜಗತ್ತಿಗೆಲ್ಲ ಒಂದೇ ಮೆಂಪೂಲ್ ಇಲ್ಲ, ಪ್ರತಿ ಕಂಪ್ಯೂಟರ್ ತನ್ನದೇ ಪಟ್ಟಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಇದಕ್ಕೊಂದು ಕಚೇರಿಯಾಗಲಿ, ಫೋನ್ ಮಾಡಿ ‘ಬಿಡಿಸಿ’ ಎನ್ನಲು ಒಬ್ಬ ಅಧಿಕಾರಿಯಾಗಲಿ ಇಲ್ಲ.

ಪಟ್ಟಿಯಿಂದ ಸೂಚನೆಗಳನ್ನು ಆರಿಸಿ ಬ್ಲಾಕ್‌ಗೆ ಸೇರಿಸುವವರು ಮೈನರ್‌ಗಳು. ಸರಾಸರಿ 10 ನಿಮಿಷಕ್ಕೊಂದು ಬ್ಲಾಕ್ ಸಿದ್ಧವಾಗುತ್ತದೆ. ಕೆಲವೊಮ್ಮೆ ಎರಡೇ ನಿಮಿಷಕ್ಕೆ, ಕೆಲವೊಮ್ಮೆ ಮುಕ್ಕಾಲು ಗಂಟೆಗೆ. ಬ್ಲಾಕನ್ನು ಲಾರಿ ಎಂದುಕೊಳ್ಳಿ. ಜಾಗ ಕಡಿಮೆ, ಸರಕು ಹೆಚ್ಚು. ಮೊದಲು ಬಂದವರಿಗೆ ಮೊದಲ ಜಾಗ ಎಂಬ ನಿಯಮವಿಲ್ಲ. ಪ್ರತಿ ಕಿಲೋಗೆ ಯಾರು ಹೆಚ್ಚು ಬಾಡಿಗೆ ಕೊಡುತ್ತಾರೋ ಅವರ ಸರಕು ಮೊದಲು ಏರುತ್ತದೆ. ಇಲ್ಲಿ ತೂಕವೆಂದರೆ ಕಳಿಸುವ ಹಣದ ಮೊತ್ತವಲ್ಲ, ಸೂಚನೆಯ ಗಾತ್ರ. ಒಂದು ಕೋಟಿ ರೂಪಾಯಿಯ ವರ್ಗಾವಣೆ ಚಿಕ್ಕದಾಗಿರಬಹುದು. ಹಲವು ಚಿಲ್ಲರೆ ನಾಣ್ಯಗಳನ್ನು ಒಟ್ಟುಗೂಡಿಸಿ ಕಳಿಸುವ ಸಾವಿರ ರೂಪಾಯಿ ಅದಕ್ಕಿಂತ ಭಾರವಾಗಿ, ದುಬಾರಿಯೂ ಆಗಬಹುದು.

ಒಂದು ಲೆಕ್ಕ ನೋಡೋಣ. ಬಿಟ್‌ಕಾಯಿನ್‌ನ ಅತಿ ಚಿಕ್ಕ ಚಿಲ್ಲರೆಗೆ ಸತೋಶಿ ಎನ್ನುತ್ತಾರೆ, 10 ಕೋಟಿ ಸತೋಶಿ ಸೇರಿದರೆ ಒಂದು ಬಿಟ್‌ಕಾಯಿನ್. ನಿಮ್ಮ ಬಳಿ 10 ಲಕ್ಷ ಸತೋಶಿಯ ಒಂದು ನಾಣ್ಯವಿದೆ, ಸ್ನೇಹಿತರಿಗೆ 6 ಲಕ್ಷ ಕಳಿಸಬೇಕು ಎಂದುಕೊಳ್ಳಿ. ಇಂಥ ಸರಳ ಸೂಚನೆಯ ಗಾತ್ರ ಸುಮಾರು 141 ಬೈಟ್. ಬೈಟಿಗೆ 5 ಸತೋಶಿ ದರ ಇಟ್ಟರೆ (ಪರದೆಯಲ್ಲಿ 5 sat/vB ಎಂದು ಕಾಣುತ್ತದೆ) ಶುಲ್ಕ 705 ಸತೋಶಿ. ಸ್ನೇಹಿತರಿಗೆ 6 ಲಕ್ಷ ಹೋಗಿ, 3,99,295 ಚಿಲ್ಲರೆಯಾಗಿ ನಿಮಗೇ ವಾಪಸ್ ಬರಬೇಕು. ಆದರೆ ಆ ಹೊತ್ತಿಗೆ ನಿಮಗಿಂತ ಹೆಚ್ಚು ದರ ಕೊಟ್ಟ 3 ಕೋಟಿ ಬೈಟ್ ಸೂಚನೆಗಳು ಕಾಯುತ್ತಿವೆ. ಒಂದು ಬ್ಲಾಕ್‌ನಲ್ಲಿ ಹಿಡಿಸುವುದು ಸುಮಾರು 10 ಲಕ್ಷ ಬೈಟ್. ಅಂದರೆ ನಿಮ್ಮ ಮುಂದೆ 30 ಲಾರಿಗಳ ಸರಕಿದೆ, ಸುಮಾರು 5 ಗಂಟೆ ಕಾಯಬೇಕು. ಅಷ್ಟರಲ್ಲಿ ಹೆಚ್ಚು ದರದ ಹೊಸಬರು ಬಂದರೆ ಅವರೂ ನಿಮ್ಮ ಮುಂದೆಯೇ ನಿಲ್ಲುತ್ತಾರೆ. ‘ಸಿಕ್ಕಿಹಾಕಿಕೊಂಡಿದೆ’ ಎನ್ನುವುದು ಇದಕ್ಕೇ.

ದೊಡ್ಡ ಕಂಪನಿಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. 2023ರ ಮೇ ತಿಂಗಳಲ್ಲಿ ಬಿಟ್‌ಕಾಯಿನ್ ಮೇಲೆ ಹೊಸ ಟೋಕನ್‌ಗಳ ಹುಚ್ಚು ಏರಿ ಶುಲ್ಕ ಒಮ್ಮೆಲೇ ಜಿಗಿದಾಗ, ಬೈನಾನ್ಸ್ ಎಕ್ಸ್‌ಚೇಂಜ್ ಬಿಟ್‌ಕಾಯಿನ್ ವಿತ್‌ಡ್ರಾವಲ್‌ಗಳನ್ನು ಸ್ವಲ್ಪ ಕಾಲ ನಿಲ್ಲಿಸಬೇಕಾಯಿತು. ತಾನು ಇಟ್ಟಿದ್ದ ಶುಲ್ಕ ಸಾಲದಾಗಿತ್ತು ಎಂದು ಅದೇ ಹೇಳಿತು. ಬಾಕಿ ಉಳಿದ ವರ್ಗಾವಣೆಗಳನ್ನು ಹೆಚ್ಚಿನ ಶುಲ್ಕದೊಂದಿಗೆ ಬದಲಿಸಿತು.

ಆ ಬದಲಾವಣೆ ನೀವೂ ಮಾಡಬಹುದು. ಅದೇ ನಾಣ್ಯವನ್ನು ಖರ್ಚು ಮಾಡುವ ಹೊಸ ಸೂಚನೆಗೆ ಹೆಚ್ಚು ಶುಲ್ಕ ಇಟ್ಟು ಮತ್ತೆ ಸಹಿ ಮಾಡಿ ಕಳಿಸುವುದು, ಅಷ್ಟೇ. ಕಂಪ್ಯೂಟರ್‌ಗಳು ಹಳೆಯದನ್ನು ಪಟ್ಟಿಯಿಂದ ತೆಗೆದು ಹೊಸದನ್ನು ಇಟ್ಟುಕೊಳ್ಳುತ್ತವೆ. ಇದಕ್ಕೆ ಆರ್‌ಬಿಎಫ್ ಎಂಬ ಹೆಸರಿದೆ, ಅನೇಕ ವಾಲೆಟ್‌ಗಳಲ್ಲಿ ಶುಲ್ಕ ಹೆಚ್ಚಿಸುವ ಬಟನ್ ಇರುತ್ತದೆ. ನಮ್ಮ ಲೆಕ್ಕದಲ್ಲಿ ದರವನ್ನು 40ಕ್ಕೆ ಏರಿಸಿದರೆ ಶುಲ್ಕ 5,640 ಸತೋಶಿ. ಸ್ನೇಹಿತರಿಗೆ ಅದೇ 6 ಲಕ್ಷ ಸಿಗುತ್ತದೆ, ನಿಮ್ಮ ಚಿಲ್ಲರೆ 3,94,360ಕ್ಕೆ ಇಳಿಯುತ್ತದೆ. ಹಳೆಯ 705 ದಂಡವಾಗುವುದಿಲ್ಲ. ಎರಡೂ ಸೂಚನೆ ಒಂದೇ ನಾಣ್ಯದ ಮೇಲಿರುವುದರಿಂದ ಒಂದು ಮಾತ್ರ ಬ್ಲಾಕ್ ಸೇರುತ್ತದೆ. ಹೊಸ ಸೂಚನೆಗೆ ಹೊಸ ಟ್ರಾನ್ಸಾಕ್ಷನ್ ಐಡಿ ಬರುತ್ತದೆ ಎಂಬುದನ್ನು ಮಾತ್ರ ಸ್ನೇಹಿತರಿಗೆ ಮೊದಲೇ ತಿಳಿಸಿ. ಇಲ್ಲದಿದ್ದರೆ ಹಳೆಯ ಐಡಿ ಹುಡುಕಿ, ಹಣವೇ ಮಾಯವಾಯಿತೆಂದು ಗಾಬರಿಯಾಗುತ್ತಾರೆ.

ಏನೂ ಮಾಡದೆ ಸುಮ್ಮನೆ ಕಾಯುವುದೂ ಒಂದು ದಾರಿ. ದಟ್ಟಣೆ ಇಳಿದಾಗ ಕಡಿಮೆ ದರದವರಿಗೂ ಜಾಗ ಸಿಗುತ್ತದೆ. ಹೆಚ್ಚಾಗಿ ಬಳಕೆಯಲ್ಲಿರುವ ಬಿಟ್‌ಕಾಯಿನ್ ಕೋರ್ ತಂತ್ರಾಂಶ, ಯಾರೂ ಬೇರೆ ಸೆಟ್ಟಿಂಗ್ ಇಡದಿದ್ದರೆ, 14 ದಿನ ಕಾದ ಸೂಚನೆಯನ್ನು ಪಟ್ಟಿಯಿಂದ ತೆಗೆಯುತ್ತದೆ. ಪಟ್ಟಿ ತುಂಬಿದರೆ ಅಗ್ಗದವನ್ನು ಮೊದಲೇ ತೆಗೆಯುತ್ತದೆ. ಆಗಲೂ ಹಣ ನಿಮ್ಮದೇ, ಹೊಸದಾಗಿ ಕಳಿಸಬಹುದು.

ಹಣ ಪಡೆಯುವವರು ಎಚ್ಚರಿಕೆಯಿಂದ ಓದಬೇಕಾದ ಭಾಗ ಇನ್ನು ಮುಂದಿದೆ. ಶುಲ್ಕ ಬದಲಿಸುವಾಗ ವಿಳಾಸವನ್ನೂ ಬದಲಿಸಬಹುದು! ಹೊಸ ಸೂಚನೆಯಲ್ಲಿ ಹಣವನ್ನು ನಿಮಗೆ ಕೊಡುವ ಬದಲು ತನ್ನದೇ ಇನ್ನೊಂದು ವಿಳಾಸಕ್ಕೆ ತಿರುಗಿಸುವುದು ಸಾಧ್ಯ. 2018ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಹಲವು ನಗರಗಳಲ್ಲಿ ವಂಚಕರು ಬಿಟ್‌ಕಾಯಿನ್ ಎಟಿಎಂಗಳಿಂದ ಹೆಚ್ಚುಕಡಿಮೆ 2 ಲಕ್ಷ ಕೆನಡಾ ಡಾಲರ್ ಎತ್ತಿಕೊಂಡರು. ಕನ್ಫರ್ಮ್ ಆಗುವ ಮೊದಲೇ ಯಂತ್ರ ನಗದು ಕೊಡುತ್ತಿತ್ತು. ನಗದು ಕೈಗೆ ಬಂದ ಮೇಲೆ ಅವರು ಆ ವರ್ಗಾವಣೆಯನ್ನೇ ರದ್ದಾಗುವಂತೆ ಮಾಡುತ್ತಿದ್ದರು. ಯಾರಾದರೂ ಪೆಂಡಿಂಗ್ ಸ್ಕ್ರೀನ್‌ಶಾಟ್ ತೋರಿಸಿ “ಕಳಿಸಿದ್ದೇನೆ, ರೂಪಾಯಿ ಹಾಕಿ” ಎಂದರೆ ಅಪಾಯ ಅದೇ. ಯುಪಿಐಯಲ್ಲಿ ನೀವು ಹಾಕಿದ ಹಣ ತಕ್ಷಣ ಹೋಗುತ್ತದೆ, ಅವರದು ಇನ್ನೂ ಹೊರಟಿಲ್ಲ.

ಬ್ಲಾಕ್ ಸೇರಿದರೆ ಒಂದು ಕನ್ಫರ್ಮೇಷನ್. ಅದರ ಮೇಲೆ ಇನ್ನೊಂದು ಬ್ಲಾಕ್ ಬಂದರೆ ಎರಡು. ಒಂದು ಯಾಕೆ ಸಾಲದು ಎಂದರೆ, ಕೆಲವೊಮ್ಮೆ ಇಬ್ಬರು ಮೈನರ್‌ಗಳು ಹೆಚ್ಚುಕಡಿಮೆ ಒಂದೇ ಕ್ಷಣಕ್ಕೆ ಬ್ಲಾಕ್ ಮಾಡುತ್ತಾರೆ. ಕೊನೆಗೆ ಒಂದು ಉಳಿದು ಇನ್ನೊಂದು ಬಿದ್ದುಹೋಗುತ್ತದೆ, ಬಿದ್ದ ಬ್ಲಾಕ್‌ನಲ್ಲಿ ಮಾತ್ರ ಇದ್ದ ಸೂಚನೆಗಳು ಮತ್ತೆ ಮೆಂಪೂಲ್‌ಗೆ ಮರಳುತ್ತವೆ. ಮೇಲೆ ಬ್ಲಾಕ್‌ಗಳು ಪೇರಿದಷ್ಟೂ ಇದರ ಸಾಧ್ಯತೆ ವೇಗವಾಗಿ ಕುಗ್ಗುತ್ತದೆ. ದೊಡ್ಡ ಮೊತ್ತಕ್ಕೆ 6 ಕನ್ಫರ್ಮೇಷನ್, ಅಂದರೆ ಸುಮಾರು ಒಂದು ಗಂಟೆ ಕಾಯುವುದು ಹಳೆಯ ರೂಢಿ.

ಪರಿಶೀಲಿಸುವುದು ಹೇಗೆ? ಸ್ಕ್ರೀನ್‌ಶಾಟ್ ಬೇಡ, ಟ್ರಾನ್ಸಾಕ್ಷನ್ ಐಡಿ ಕೇಳಿ. mempool.space ನಂತಹ ತಾಣದಲ್ಲಿ ಅದನ್ನು ಹಾಕಿದರೆ ದರ, ಕನ್ಫರ್ಮೇಷನ್ ಸಂಖ್ಯೆ, ಹಣ ಯಾವ ವಿಳಾಸಕ್ಕೆ ಹೋಗುತ್ತಿದೆ ಎಲ್ಲವೂ ಕಾಣುತ್ತದೆ. ಎಕ್ಸ್‌ಚೇಂಜ್ ಆ್ಯಪ್‌ನಲ್ಲಿ ಪೆಂಡಿಂಗ್ ಎಂದಿದ್ದು ಐಡಿಯೇ ಇಲ್ಲದಿದ್ದರೆ, ಅದು ಬಹುಶಃ ಇನ್ನೂ ಮೆಂಪೂಲ್‌ಗೇ ಹೋಗಿಲ್ಲ, ಎಕ್ಸ್‌ಚೇಂಜ್‌ನ ಬಳಿಯೇ ಇದೆ. ಅಲ್ಲಿ ಶುಲ್ಕ ಏರಿಸುವುದು ನಿಮ್ಮ ಕೈಯಲ್ಲಿಲ್ಲ, ಅವರ ಸಹಾಯವಾಣಿಯನ್ನೇ ಕೇಳಬೇಕು.

ಮೈನರ್‌ಗಳಿಗೆ ನೇರವಾಗಿ ಹಣ ಕೊಟ್ಟು ವರ್ಗಾವಣೆಯನ್ನು ಮುಂದೆ ತರಿಸುವ ‘ಆಕ್ಸಲರೇಟರ್’ ಸೇವೆಗಳು ನಿಜಕ್ಕೂ ಇವೆ. ಅವುಗಳಿಗೆ ಬೇಕಿರುವುದು ಐಡಿ ಮತ್ತು ಶುಲ್ಕ ಮಾತ್ರ. ನಿಮ್ಮ ವಾಲೆಟ್‌ನ 12 ಅಥವಾ 24 ರಹಸ್ಯ ಪದಗಳನ್ನು ಕೇಳಿದವರು ಪೆಂಡಿಂಗ್ ಇರುವ ಹಣವನ್ನಲ್ಲ, ವಾಲೆಟ್‌ನಲ್ಲಿರುವ ಅಷ್ಟನ್ನೂ ತೆಗೆದುಕೊಂಡು ಹೋಗಲು ಬಂದವರು.