ಕ್ಯಾಮೆರಾಕ್ಕಿಂತ ಮೊದಲು ಐವರ ಕಿವಿಗೆ

ಹನಿ ನೀರಾವರಿ ಸಲಕರಣೆ ಮಾರುವ ಸಣ್ಣ ಕಂಪನಿಯೊಂದು ತನ್ನ ಗ್ರಾಹಕರಿಗಾಗಿ ಎರಡು ನಿಮಿಷದ ವಿಡಿಯೊ ಮಾಡಿಸಲು ಹೊರಟಿದೆ ಎಂದಿಟ್ಟುಕೊಳ್ಳಿ. ಡಿಸ್ಕ್ ಫಿಲ್ಟರನ್ನು ಯಾವಾಗ, ಹೇಗೆ ತೊಳೆಯಬೇಕು ಎಂಬುದು ವಿಷಯ. ಬೋರ್‌ವೆಲ್ಲಿನ ಮರಳು, ತೊಟ್ಟಿಯ ಪಾಚಿ ಈ ಫಿಲ್ಟರಿನ ಬಿಲ್ಲೆಗಳ ನಡುವೆ ಸಿಕ್ಕಿಕೊಳ್ಳುತ್ತವೆ. ತೊಳೆಯದೆ ಬಿಟ್ಟರೆ ಒತ್ತಡ ತಗ್ಗಿ, ಸಾಲಿನ ಕೊನೆಯ ಗಿಡಗಳಿಗೆ ನೀರು ಸಾಲದಾಗುತ್ತದೆ. ಸ್ಕ್ರಿಪ್ಟ್ ಬರೆದವರು ಕಂಪನಿಯ ಎಂಜಿನಿಯರ್. ಅದರ ಮುಖ್ಯ ವಾಕ್ಯ ಹೀಗಿದೆ: “ಪ್ರೆಷರ್ ಅರ್ಧ ಕೆ.ಜಿ. ಇಳಿದಾಗ ಫಿಲ್ಟರ್ ತೊಳೆಯಿರಿ.”

ಎಂಜಿನಿಯರ್ ಮನಸ್ಸಿನಲ್ಲಿರುವುದು ಎರಡು ಮೀಟರ್. ಒಂದು ಫಿಲ್ಟರಿಗೆ ಮುಂಚೆ, ಇನ್ನೊಂದು ಫಿಲ್ಟರಿನ ನಂತರ. ಇವೆರಡರ ನಡುವಿನ ವ್ಯತ್ಯಾಸ ಅರ್ಧ ಕೆ.ಜಿ. ಮುಟ್ಟಿದರೆ ಬಿಲ್ಲೆಗಳಲ್ಲಿ ಕೊಳೆ ಕಟ್ಟಿದೆ ಎಂದರ್ಥ. ಆದರೆ ತೋಟದಲ್ಲಿ ನಿಂತು ಒಮ್ಮೆ ಮಾತ್ರ ಕೇಳಿಸಿಕೊಳ್ಳುವವರು ಇದನ್ನು “ಮುಳ್ಳು ಅರ್ಧಕ್ಕೆ ಇಳಿದಾಗ” ಎಂದು ಗ್ರಹಿಸಬಹುದು. ಹಾಗೆ ಗ್ರಹಿಸಿದವರು ಒಂದೇ ಮೀಟರ್ ನೋಡುತ್ತ ಕಾಯುತ್ತಾರೆ. ಅದು ಅರ್ಧ ತೋರಿಸುವ ಹೊತ್ತಿಗೆ ಕೊನೆಯ ಸಾಲುಗಳು ಒಣಗಿರುತ್ತವೆ.

ಈ ದೋಷ ಬರೆದವರ ಕಣ್ಣಿಗೆ ಏಕೆ ಬೀಳುವುದಿಲ್ಲ? 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಮಾಡಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡುಗಳ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಿದರು, ಉಳಿದವರು ಅದು ಯಾವ ಹಾಡೆಂದು ಊಹಿಸಿದರು. ಅರ್ಧದಷ್ಟನ್ನಾದರೂ ಕೇಳುಗರು ಗುರುತಿಸುತ್ತಾರೆ ಎಂಬುದು ತಟ್ಟಿದವರ ಅಂದಾಜು. 120 ಹಾಡುಗಳಲ್ಲಿ ಕೇಳುಗರು ಗುರುತಿಸಿದ್ದು ಮೂರೇ ಮೂರು. ತಟ್ಟುವವರ ತಲೆಯೊಳಗೆ ಹಾಡು ಪೂರ್ತಿಯಾಗಿ ಓಡುತ್ತಿತ್ತು. ಅದು ಎದುರಿಗಿದ್ದವರಿಗೆ ಕೇಳಿಸುತ್ತಿಲ್ಲ ಎಂದು ಕಲ್ಪಿಸಿಕೊಳ್ಳುವುದೇ ಅವರಿಗೆ ಕಷ್ಟವಾಯಿತು. ನಮ್ಮ ಎಂಜಿನಿಯರಿಗೆ ಎರಡನೆಯ ಮೀಟರ್ ಹೀಗೆಯೇ. ವಾಕ್ಯದಲ್ಲಿ ಇಲ್ಲದಿದ್ದರೂ ಅವರಿಗೆ ಅದು ಇದ್ದೇ ಇದೆ. ಸ್ಕ್ರಿಪ್ಟನ್ನು ಎಷ್ಟು ಸಲ ತಿರುಗಿ ಓದಿದರೂ ಈ ಕೊರತೆ ಅವರಿಗೆ ಕಾಣುವುದಿಲ್ಲ, ಕಚೇರಿಯ ಸಹೋದ್ಯೋಗಿಗಳಿಗೂ ಕಾಣುವುದಿಲ್ಲ.

ಆದ್ದರಿಂದ ಸ್ಕ್ರಿಪ್ಟ್ ಗ್ರಾಹಕರ ಬಳಿಗೇ ಹೋಗಬೇಕು. ಆದರೆ ಕಾಗದದಲ್ಲಲ್ಲ. ಓದುವವರು ಹಿಂದಿನ ಸಾಲಿಗೆ ಕಣ್ಣು ಹಾಯಿಸಬಲ್ಲರು, ಕೇಳುವವರಿಗೆ ಆ ಅನುಕೂಲವಿಲ್ಲ. ಬರೆದವರನ್ನು ಬಿಟ್ಟು ಬೇರೆ ಯಾರಾದರೂ ಸ್ಕ್ರಿಪ್ಟನ್ನು ಸಾಧಾರಣ ವೇಗದಲ್ಲಿ ಓದಿ ಮೊಬೈಲಿನಲ್ಲಿ ಮುದ್ರಿಸಿಕೊಂಡರೆ ಸಾಕು. ಬರೆದವರೇ ಓದಿದರೆ ದನಿಯ ಏರಿಳಿತದಿಂದಲೇ ಕೊರತೆಯನ್ನು ಮುಚ್ಚಿಬಿಡುತ್ತಾರೆ. ಯಾರಿಗೆ ಕೇಳಿಸಬೇಕು ಎಂಬುದರಲ್ಲಿ ಜನ ಹೆಚ್ಚಾಗಿ ಎಡವುತ್ತಾರೆ. ಡೀಲರ್ ಬೇಡ, ಎಲ್ಲ ತಿಳಿದ ಪ್ರಗತಿಪರ ರೈತರೂ ಬೇಡ. ಇತ್ತೀಚೆಗೆ ಡ್ರಿಪ್ ಹಾಕಿಸಿದ ಐವರು ಬೇಕು. ಹಣ ಕೊಟ್ಟವರು ಯಜಮಾನರಾದರೂ ಫಿಲ್ಟರ್ ಬಿಚ್ಚುವವರು ತೋಟ ನೋಡಿಕೊಳ್ಳುವವರಾಗಿದ್ದರೆ, ಕೇಳಿಸಬೇಕಾದ್ದು ಅವರಿಗೆ.

ಕೇಳಿಸಿದ ಮೇಲೆ “ಅರ್ಥವಾಯಿತಾ?” ಎಂದು ಕೇಳಬಾರದು. ಮನೆ ಬಾಗಿಲಿಗೆ ಬಂದವರ ಮನಸ್ಸು ನೋಯಿಸದಿರಲು ಎಲ್ಲರೂ “ಆಯ್ತು” ಎನ್ನುತ್ತಾರೆ. ಅದರ ಬದಲು ಅವರನ್ನು ಫಿಲ್ಟರಿನ ಎದುರೇ ನಿಲ್ಲಿಸಿ, “ಅಣ್ಣಾ, ಇದನ್ನು ಯಾವಾಗ ತೊಳೀತೀರಿ? ಎಲ್ಲಿ ನೋಡಿ ಗೊತ್ತು ಮಾಡ್ಕೊಳ್ತೀರಿ? ತೋರಿಸಿ” ಎನ್ನಬೇಕು. ಬೆರಳು ಒಂದೇ ಮೀಟರಿನತ್ತ ಹೋದರೆ ಉತ್ತರ ಸಿಕ್ಕಂತೆ. ಆಗ ತಿದ್ದಿ ಹೇಳುವ ಆಸೆ ಉಕ್ಕುತ್ತದೆ. ಅದನ್ನು ತಡೆದುಕೊಂಡು, ಅವರು ಆಡಿದ ಮಾತನ್ನು ಹಾಗೆಯೇ ಬರೆದುಕೊಳ್ಳಬೇಕು. ಸರಿಯಾದ ವಿಧಾನವನ್ನು ಕೊನೆಯಲ್ಲಿ ಮರೆಯದೆ ತಿಳಿಸಿ ಬರಬೇಕು, ತೋಟ ಅವರದು.

ಐದೇ ಜನ ಏಕೆ ಎಂಬ ಪ್ರಶ್ನೆಗೆ ಲೆಕ್ಕವೊಂದಿದೆ. 1993ರಲ್ಲಿ ಯಾಕೋಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ ಕಂಪ್ಯೂಟರ್ ತಂತ್ರಾಂಶಗಳ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಬ್ಬ ಬಳಕೆದಾರ ಸರಾಸರಿ ಶೇಕಡಾ 31 ದೋಷಗಳನ್ನು ಹೊರಗೆಡಹುತ್ತಾನೆ ಎಂದು ಕಂಡುಬಂತು. ನಮ್ಮ ವಾಕ್ಯವೂ 100ರಲ್ಲಿ 31 ಜನರನ್ನು ತಪ್ಪು ದಾರಿಗೆ ಎಳೆಯುತ್ತದೆ ಎನ್ನೋಣ. ಆಗ ಒಬ್ಬರು ಎಡವದೆ ಪಾರಾಗುವ ಸಂಭವ 0.69. ಐವರೂ ಎಡವದಿರುವ ಸಂಭವ 0.69ನ್ನು ಐದು ಸಲ ಗುಣಿಸಿದಷ್ಟು, ಅಂದರೆ ಸುಮಾರು 0.16. ಹಾಗಾಗಿ ಆ ದೋಷ ಕಣ್ಣಿಗೆ ಬೀಳುವ ಸಾಧ್ಯತೆ ಶೇಕಡಾ 84.

ಇದೇ ಲೆಕ್ಕ ಎಚ್ಚರಿಕೆಯನ್ನೂ ಹೇಳುತ್ತದೆ. ಹತ್ತರಲ್ಲಿ ಒಬ್ಬರನ್ನಷ್ಟೇ ಎಡವಿಸುವ ವಾಕ್ಯವನ್ನು ಐವರು ಪತ್ತೆಹಚ್ಚುವ ಸಾಧ್ಯತೆ ಶೇಕಡಾ 41 ಮಾತ್ರ. 2003ರಲ್ಲಿ ಲಾರಾ ಫಾಕ್ನರ್ 60 ಜನರ ಪರೀಕ್ಷೆಯ ಫಲಿತಾಂಶದಿಂದ ಮತ್ತೆ ಮತ್ತೆ ಯಾರೋ ಐವರನ್ನು ಆಯ್ದು ನೋಡಿದರು. ಕೆಲವು ಐವರ ಗುಂಪಿಗೆ ಹೆಚ್ಚುಕಡಿಮೆ ಎಲ್ಲ ದೋಷಗಳೂ ಸಿಕ್ಕಿದ್ದವು, ಒಂದು ಗುಂಪಿಗೆ ಸಿಕ್ಕಿದ್ದು ಶೇಕಡಾ 55. ಆದ್ದರಿಂದ ಯಾರೂ ಎಡವಲಿಲ್ಲವೆಂದರೆ ಸ್ಕ್ರಿಪ್ಟ್ ನಿರ್ದೋಷ ಎಂದಾಗುವುದಿಲ್ಲ. ಐವರಲ್ಲಿ ನಾಲ್ವರಿಗೆ ವಿಡಿಯೊ ಹಿಡಿಸಿತು ಎಂಬುದರಿಂದ ಎಷ್ಟು ಜನ ಕೊಳ್ಳುತ್ತಾರೆ ಎಂದೂ ಹೇಳಲಾಗದು. ಇಷ್ಟು ಚಿಕ್ಕ ಗುಂಪಿನಲ್ಲಿ, ನಿಜವಾಗಿ ಮೆಚ್ಚುವವರ ಪ್ರಮಾಣ ಶೇಕಡಾ 30 ಆಗಿರಬಹುದು, 95 ಕೂಡ ಆಗಿರಬಹುದು. ದೊಡ್ಡ ದೋಷ ಹಿಡಿಯಲು ಐವರು ಸಾಕು, ಮೆಚ್ಚುಗೆ ಅಳೆಯಲು ಸಾಲರು.

ಈ ಪರೀಕ್ಷೆಯನ್ನು ಶೂಟಿಂಗಿಗೆ ಮುಂಚೆಯೇ ಮಾಡಬೇಕೆನ್ನಲು ಕಾರಣ ಸ್ಪಷ್ಟ. ಹಿನ್ನೆಲೆ ದನಿಯಲ್ಲಿ ಬರುವ ಒಂದು ಪದ ತಪ್ಪಿದರೆ ಮತ್ತೆ ಮುದ್ರಿಸಿ ಸೇರಿಸಬಹುದು. “ಲ್ಯಾಟರಲ್” ಎಂಬಲ್ಲಿ “ಡ್ರಿಪ್ ಪೈಪ್” ಎಂದು ಬದಲಿಸಲು ತೋಟಕ್ಕೆ ಮರಳಿ ಹೋಗಬೇಕಿಲ್ಲ. ಮೀಟರಿನ ದೋಷ ಆ ಜಾತಿಯದ್ದಲ್ಲ. ಅದನ್ನು ಸರಿಪಡಿಸಲು ಎರಡೂ ಮೀಟರ್ ಒಂದೇ ಚೌಕಟ್ಟಿನಲ್ಲಿ ಕಾಣಬೇಕು, ಒಂದರಲ್ಲಿ 1.5, ಇನ್ನೊಂದರಲ್ಲಿ 1 ಇರಬೇಕು. ಕ್ಯಾಮೆರಾ ಎಲ್ಲಿ ನಿಲ್ಲಬೇಕು ಎಂಬುದೇ ಬದಲಾಗುತ್ತದೆ. ಫಿಲ್ಟರಿನಲ್ಲಿ ನಿಜಕ್ಕೂ ಕೊಳೆ ಕಟ್ಟಿರುವ ತೋಟವೂ ಬೇಕಾಗುತ್ತದೆ. ಕೆಲಸದ ಅನುಕ್ರಮವೂ ಇಂಥದ್ದೇ. ಮೊದಲ ಕರಡಿನಲ್ಲಿ “ಕ್ಲ್ಯಾಂಪ್ ಬಿಚ್ಚಿ, ಅದಕ್ಕೂ ಮುಂಚೆ ಪಂಪ್ ನಿಲ್ಲಿಸಿರಬೇಕು” ಎಂದಿದ್ದರೆ, ಕಿವಿಗೆ ಬಿದ್ದ ಕ್ರಮದಲ್ಲೇ ಕೈ ಕ್ಲ್ಯಾಂಪಿಗೆ ಹೋಗುತ್ತದೆ. ಒತ್ತಡವಿದ್ದಾಗ ಫಿಲ್ಟರ್ ಬಿಚ್ಚುವುದು ಅಪಾಯ. ಹೀಗಾಗಿ ಚಿತ್ರವನ್ನೇ ಬದಲಿಸುವ ದೋಷಗಳನ್ನು ಮೊದಲು ಹುಡುಕಿ, ದನಿಯಲ್ಲಷ್ಟೇ ಇರುವ ದೋಷಗಳಿಗೆ ಆಮೇಲೆ ಗಮನ ಕೊಟ್ಟರೂ ನಡೆಯುತ್ತದೆ.

ಒಬ್ಬರೇ ಎಡವಿದರೆ ಸ್ಕ್ರಿಪ್ಟ್ ಬದಲಿಸಬೇಕೇ? ಇದಕ್ಕೆ ಒಂದೇ ಉತ್ತರವಿಲ್ಲ. ತಪ್ಪಿನ ಪರಿಣಾಮ ಎಷ್ಟು ಕೆಟ್ಟದ್ದು ಎಂದು ನೋಡಬೇಕು. ಪಂಪ್ ನಿಲ್ಲಿಸದೆ ಕ್ಲ್ಯಾಂಪ್ ಮುಟ್ಟಿದವರು ಒಬ್ಬರೇ ಆದರೂ ವಾಕ್ಯ ಬದಲಾಗಲೇಬೇಕು. ಬಿಲ್ಲೆಗಳನ್ನು “ಚಕ್ರ” ಎಂದವರನ್ನು ಹಾಗೆಯೇ ಬಿಡಬಹುದು, ಅವರು ತೊಳೆಯುವುದು ಸರಿಯಾದದ್ದನ್ನೇ.

ತಿದ್ದಿದ ಸ್ಕ್ರಿಪ್ಟ್ ಹೀಗೆ ಬರಬಹುದು: “ಫಿಲ್ಟರಿಗೆ ಮುಂಚಿನ ಮೀಟರ್ ನೋಡಿ, ಒಂದೂವರೆ ಇದೆ. ನಂತರದ ಮೀಟರ್ ನೋಡಿ, ಒಂದಿದೆ. ಇಷ್ಟು ಅಂತರ ಬಂದರೆ ತೊಳೆಯುವ ಹೊತ್ತು. ಮೊದಲು ಪಂಪ್ ನಿಲ್ಲಿಸಿ.” ಆದರೆ ತಿದ್ದುಪಡಿ ಹೊಸ ತೊಡಕನ್ನು ತರಬಲ್ಲದು. ಅಂತರವನ್ನು ಬಿಟ್ಟು ಒಂದೂವರೆ, ಒಂದು ಎಂಬ ಅಂಕಿಗಳನ್ನೇ ಹಿಡಿದುಕೊಳ್ಳುವವರು ಇರಬಹುದು. ಹಾಗಾಗಿ ಹಿಂದಿನವರನ್ನು ಬಿಟ್ಟು ಬೇರೆ ಐವರಿಗೆ ಕೇಳಿಸಬೇಕು. ಹತ್ತು ಜನರನ್ನು ಒಂದೇ ಸಲ ಕೇಳುವುದಕ್ಕಿಂತ, ನಡುವೆ ತಿದ್ದಿ ಐದೈದು ಜನರನ್ನು ಎರಡು ಸುತ್ತಿನಲ್ಲಿ ಕೇಳುವುದೇ ಹೆಚ್ಚು ಉಪಯುಕ್ತ. ಒಂದೇ ಸಲದ ಹತ್ತು ಜನ ಹಳೆಯ ವಾಕ್ಯದ ದೋಷವನ್ನೇ ಮತ್ತೆ ಮತ್ತೆ ಹೇಳುತ್ತಾರೆ, ಹೊಸ ವಾಕ್ಯದ ಬಗ್ಗೆ ಏನೂ ಹೇಳಲಾರರು. ಎರಡನೆಯ ಸುತ್ತಿನ ಐವರ ಬೆರಳೂ ಎರಡು ಮೀಟರುಗಳ ಮೇಲೆ ಆಡಿ, ಕೈ ಮೊದಲು ಪಂಪಿನ ಸ್ವಿಚ್ಚಿಗೆ ಹೋದರೆ ಕ್ಯಾಮೆರಾದವರಿಗೆ ಮುಂಗಡ ಕೊಡಿ. ಇಬ್ಬರು ಇನ್ನೂ ಒಂದೇ ಮೀಟರ್ ನೋಡುತ್ತಿದ್ದರೆ ಶೂಟಿಂಗ್ ಮುಂದೂಡಿ.