ಕೆಲಸ ಬಿಟ್ಟವರ ಕೊನೆಯ ಲೆಕ್ಕ: ಕಳೆದ ಹಣ ಯಾರ ಕೈ ಸೇರಿತು?

ರಾಜೀನಾಮೆ ಕೊಟ್ಟು, ಲ್ಯಾಪ್‌ಟಾಪು, ಐಡಿ ಕಾರ್ಡು ಒಪ್ಪಿಸಿ ಹೊರಬಂದ ಮೇಲೆ ಒಂದು ದಿನ ಮೇಲ್‌ಗೆ ಪಿಡಿಎಫ್ ಬರುತ್ತದೆ. ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್ ಎಂದು ಅದರ ತಲೆಬರಹ, ಎಚ್‌ಆರ್‌ನವರ ಬಾಯಲ್ಲಿ ಬರೀ ‘ಎಫ್ ಅಂಡ್ ಎಫ್’. ಬಹಳ ಜನ ನೇರವಾಗಿ ಕೊನೆಯ ಸಾಲಿಗೆ ಹೋಗಿ ಎಷ್ಟು ಬಂತು ಎಂದು ನೋಡುತ್ತಾರೆ. ಅಂದುಕೊಂಡದ್ದಕ್ಕಿಂತ ಕಡಿಮೆ ಇದ್ದರೆ ಒಂದಿಷ್ಟು ಗೊಣಗಿ, ಹೊಸ ಕೆಲಸದ ಗಡಿಬಿಡಿಯಲ್ಲಿ ಸಹಿ ಹಾಕಿ ಕಳಿಸಿಬಿಡುತ್ತಾರೆ.

ಈ ಪತ್ರದಲ್ಲಿ ಸಾಮಾನ್ಯವಾಗಿ ಎರಡೇ ಕಾಲಂ ಇರುತ್ತವೆ. ಎಡಕ್ಕೆ ಕೊಡುವುದು, ಬಲಕ್ಕೆ ಕಳೆಯುವುದು. ತೊಡಕು ಇರುವುದು ಬಲಗಡೆಯಲ್ಲಿ, ಏಕೆಂದರೆ ಅಲ್ಲಿ ಎರಡು ಬೇರೆ ಜಾತಿಯ ಹಣವನ್ನು ಒಟ್ಟಿಗೆ ಸೇರಿಸಿರುತ್ತಾರೆ. ಪಿಎಫ್, ವೃತ್ತಿ ತೆರಿಗೆ, ಟಿಡಿಎಸ್ ಇವು ಕಡಿತಗಳು. ಕಂಪನಿ ಇವನ್ನು ಹಿಡಿದುಕೊಂಡರೂ ಇಟ್ಟುಕೊಳ್ಳುವುದಿಲ್ಲ, ನಿಮ್ಮ ಪಿಎಫ್ ಖಾತೆಗೋ ಸರ್ಕಾರಕ್ಕೋ ಕಟ್ಟುತ್ತದೆ. ನೋಟಿಸ್ ಅವಧಿಯ ಹಣ, ಮುಂಗಡದ ಬಾಕಿ, ಸಾಮಾನಿನ ಹಾನಿ ಇವು ವಸೂಲಿಗಳು. ಈ ಹಣ ಹೋಗುವುದು ಕಂಪನಿಯ ಜೇಬಿಗೇ. ಕಡಿತಕ್ಕೆ ಕಾನೂನೇ ಆಧಾರ, ದರವೂ ಅಲ್ಲಿಂದಲೇ ಬರುತ್ತದೆ. ವಸೂಲಿಗೆ ಮಾತ್ರ ಪ್ರತಿ ಸಲವೂ ಒಂದು ಕಾಗದ ತೋರಿಸಬೇಕು. ಇವೆರಡನ್ನೂ ‘ಒಟ್ಟು ಕಡಿತ’ ಎಂಬ ಒಂದೇ ಮೊತ್ತದಲ್ಲಿ ಸೇರಿಸಿದ ಪತ್ರವನ್ನು ನಾನು ಅರ್ಧ ಬರೆದ ಪತ್ರವೆಂದೇ ಎಣಿಸುತ್ತೇನೆ.

ಒಂದು ಲೆಕ್ಕವನ್ನೇ ಬಿಡಿಸಿ ನೋಡೋಣ. ಬೆಂಗಳೂರಿನ ಒಂದು ಖಾಸಗಿ ಕಂಪನಿಯ ಖರೀದಿ ವಿಭಾಗದಲ್ಲಿದ್ದ ಒಬ್ಬಾಕೆ ಎಂದಿಟ್ಟುಕೊಳ್ಳಿ. ತಿಂಗಳ ಸಂಬಳ ರೂ. 60,000, ಅದರಲ್ಲಿ ಬೇಸಿಕ್ ರೂ. 30,000. ಸೇವೆ 6 ವರ್ಷ 7 ತಿಂಗಳು. ಆಗಸ್ಟ್ 1ರಂದು ರಾಜೀನಾಮೆ ಕೊಟ್ಟು ಸೆಪ್ಟೆಂಬರ್ 18ಕ್ಕೆ ಹೊರಬಂದಳು. ಆಗಸ್ಟ್ ಸಂಬಳ ಆಗಲೇ ಕೈಸೇರಿದೆ.

ಬರಬೇಕಾದ ಬಾಬ್ತಿನಲ್ಲಿ ಮೊದಲನೆಯದು ಸೆಪ್ಟೆಂಬರಿನ 18 ದಿನದ ಸಂಬಳ. 30 ದಿನದ ತಿಂಗಳೆಂದು ಭಾಗಿಸಿದರೆ ರೂ. 36,000. ಬಳಸದೆ ಉಳಿದ ರಜೆ 22 ದಿನ. ಕಂಪನಿಯ ರಜಾ ನಿಯಮದಲ್ಲಿ ಬೇಸಿಕ್ಕನ್ನು 30ರಿಂದ ಭಾಗಿಸಿ ಕೊಡಬೇಕೆಂದಿದೆ, ಅಂದರೆ ದಿನಕ್ಕೆ ರೂ. 1,000ದಂತೆ ರೂ. 22,000. ಕೆಲವು ಕಡೆ 26ರಿಂದ ಭಾಗಿಸುತ್ತಾರೆ, ಇನ್ನು ಕೆಲವು ಕಡೆ ಇಡೀ ಸಂಬಳದ ಮೇಲೆ ಕೊಡುತ್ತಾರೆ. ಆದ್ದರಿಂದ ಪತ್ರದಲ್ಲಿ ಬರೀ ಮೊತ್ತ ಇದ್ದರೆ ಸಾಲದು. ಎಷ್ಟು ದಿನ, ಯಾವ ಸಂಬಳದ ಮೇಲೆ, ಎಷ್ಟರಿಂದ ಭಾಗಿಸಿದ್ದು ಎಂಬ ಮೂರೂ ಆ ಸಾಲಿನಲ್ಲೇ ಇರಬೇಕು. ಮಂಜೂರಾದ ಪ್ರಯಾಣದ ಬಿಲ್ಲು ರೂ. 3,400.

ಇನ್ನು ಗ್ರಾಚ್ಯುಟಿ. ಕೊನೆಯ ಬೇಸಿಕ್ಕು ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಕೊನೆಯ ತುಂಡು ಆರು ತಿಂಗಳು ಮೀರಿದ್ದರೆ ಅದನ್ನು ಪೂರ್ತಿ ವರ್ಷವೆಂದು ಹಿಡಿಯುವುದು ಕಾನೂನು. ಈಕೆಯದು 6 ವರ್ಷ 7 ತಿಂಗಳಾದ್ದರಿಂದ 7 ವರ್ಷ, ಮೊತ್ತ ರೂ. 1,21,154. ಇದೇ ಆಕೆ ಎರಡು ತಿಂಗಳು ಮೊದಲೇ, 6 ವರ್ಷ 5 ತಿಂಗಳಿಗೆ ಬಿಟ್ಟಿದ್ದರೆ ರೂ. 1,03,846 ಅಷ್ಟೇ ಸಿಗುತ್ತಿತ್ತು. ಇಲ್ಲಿ ಬೇಸಿಕ್ಕು ಸಂಬಳದ ಸರಿಯಾಗಿ ಅರ್ಧ ಇರುವುದರಿಂದ ಲೆಕ್ಕ ಸಲೀಸು. ಬೇಸಿಕ್ಕನ್ನು ಅರ್ಧಕ್ಕಿಂತ ಕಡಿಮೆ ಇಟ್ಟು ಉಳಿದದ್ದನ್ನು ಭತ್ಯೆಗಳಲ್ಲಿ ಕೊಡುವ ಕಂಪನಿಗಳು ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ, ಅರ್ಧವನ್ನು ಮೀರಿದ ಭತ್ಯೆಯನ್ನೂ ವೇತನಕ್ಕೆ ಸೇರಿಸಿ ನೋಡಬೇಕಾಗುತ್ತದೆ.

ಎಲ್ಲ ಕೂಡಿಸಿದರೆ ಬರಬೇಕಾದದ್ದು ರೂ. 1,82,554.

ಕಡಿತಗಳು ಇಲ್ಲಿ ಚಿಕ್ಕವು. 18 ದಿನದ ಬೇಸಿಕ್ ರೂ. 18,000, ಅದರ ಶೇ 12 ಪಿಎಫ್ ರೂ. 2,160. ಕರ್ನಾಟಕದ ವೃತ್ತಿ ತೆರಿಗೆ ರೂ. 200. ವರ್ಷದ ಆದಾಯ ಹೊಸ ತೆರಿಗೆ ಪದ್ಧತಿಯ ರಿಯಾಯಿತಿಯೊಳಗೇ ಇರುವುದರಿಂದ ಟಿಡಿಎಸ್ ಸೊನ್ನೆ. ಸೊನ್ನೆಯಾದರೂ ಆ ಸಾಲು ಇರಲಿ, ಲೆಕ್ಕ ಹಾಕಿ ನೋಡಿದ್ದಾರೆ ಎಂದಾದರೂ ಗೊತ್ತಾಗುತ್ತದೆ. ಗಮನಿಸಬೇಕಾದ್ದು ಇನ್ನೊಂದಿದೆ. ರಜೆಯ ಹಣದ ಮೇಲೆ ಪಿಎಫ್ ಹಿಡಿದಿಲ್ಲ. ಹಿಡಿಯುವಂತಿಲ್ಲ ಎಂಬುದು ನಮ್ಮ ಮಣಿಪಾಲದ ಶಿಕ್ಷಣ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಮಾನಿಸಿದ ವಿಷಯ.

ವಸೂಲಿಯ ಭಾಗದಲ್ಲಿ ಕಂಪನಿ ಕಳಿಸಿದ ಮೊದಲ ಪತ್ರ ಹೀಗಿತ್ತೆನ್ನಿ: ನೋಟಿಸ್ ಕೊರತೆ ರೂ. 22,000, ಅದರ ಮೇಲೆ ಶೇ 18 ಜಿಎಸ್‌ಟಿ ರೂ. 3,960, ಸಂಬಳದ ಮುಂಗಡದ ಬಾಕಿ ರೂ. 12,000, ‘ಇತರೆ ವಸೂಲಿ’ ರೂ. 9,000. ಒಟ್ಟು ರೂ. 46,960. ಆಕೆಯ ಕೈಗೆ ರೂ. 1,33,234.

ಒಂದೊಂದಾಗಿ ಕೇಳುತ್ತ ಹೋಗೋಣ. ನೋಟಿಸ್ ಅವಧಿ 60 ದಿನ. ಆಗಸ್ಟ್ 1ರಿಂದ ಸೆಪ್ಟೆಂಬರ್ 18ರವರೆಗೆ 49 ದಿನ. ಕೊರತೆ 11 ದಿನ, ಅದರಲ್ಲಿ ತಕರಾರಿಲ್ಲ. ಆದರೆ ರೂ. 22,000 ಬಂದದ್ದು ದಿನಕ್ಕೆ ರೂ. 2,000ದಂತೆ, ಅಂದರೆ ಇಡೀ ಸಂಬಳದ ಮೇಲೆ. ರಜೆಗೆ ಕೊಡುವಾಗ ಆಕೆಯ ಒಂದು ದಿನದ ಬೆಲೆ ಸಾವಿರ, ನೋಟಿಸಿಗೆ ಹಿಡಿಯುವಾಗ ಎರಡು ಸಾವಿರ! ಇದು ಅಪರೂಪದ ತಪ್ಪಲ್ಲ, ಎಷ್ಟೋ ಕಂಪನಿಗಳ ರೂಢಿ. ಹಾಗೆಂದು ಯಾವಾಗಲೂ ತಪ್ಪೂ ಅಲ್ಲ. ನೇಮಕಾತಿ ಪತ್ರದಲ್ಲಿ ‘ಗ್ರಾಸ್’ ಎಂದು ಬರೆದು, ನೀವು ಸಹಿ ಹಾಕಿದ್ದರೆ ಅದೇ ಕರಾರು. ಈಕೆಯ ಪತ್ರದಲ್ಲಿ ಇದ್ದದ್ದು ‘ಬೇಸಿಕ್’. ಹಾಗಾಗಿ ರೂ. 11,000 ಅಷ್ಟೇ ನ್ಯಾಯ. ಹಳೆಯ ನೇಮಕಾತಿ ಪತ್ರವನ್ನು ಬೀರುವಿನ ತಳದಿಂದ ಹುಡುಕಿ ತೆಗೆಯಲೇಬೇಕಾದ ಸಂದರ್ಭ ಇದು.

ಜಿಎಸ್‌ಟಿ ಸಾಲಂತೂ ಅಲ್ಲಿ ಇರಲೇಬಾರದು. ನೋಟಿಸ್ ಪೂರೈಸದ ನೌಕರರಿಂದ ಹಿಡಿಯುವ ಹಣ ಯಾವ ಸೇವೆಯ ಬೆಲೆಯೂ ಅಲ್ಲ, ಅದಕ್ಕೆ ಜಿಎಸ್‌ಟಿ ಇಲ್ಲ ಎಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ.

ಮುಂಗಡದ ವಿಷಯ. ಆಕೆ ರೂ. 40,000 ತೆಗೆದುಕೊಂಡಿದ್ದಳು, ತಿಂಗಳಿಗೆ ರೂ. 4,000ದಂತೆ ಎಂಟು ಕಂತು ತೀರಿದೆ. ಬಾಕಿ ಇರಬೇಕಾದ್ದು ರೂ. 8,000. ಪತ್ರದಲ್ಲಿ ರೂ. 12,000 ಬಂದದ್ದೇಕೆ? ಆಗಸ್ಟ್ ಸಂಬಳದಲ್ಲಿ ಎಂಟನೆಯ ಕಂತು ಹಿಡಿದದ್ದು ಮುಂಗಡದ ಖಾತೆಯಲ್ಲಿ ಇನ್ನೂ ನಮೂದಾಗಿರಲಿಲ್ಲ. ಕೊನೆಯ ಲೆಕ್ಕದಲ್ಲಿ ಹೀಗೆ ಆಗುವುದು ಸಾಮಾನ್ಯ. ಸಂಬಳದ ಲೆಕ್ಕ ಒಂದು ಕಡೆ, ಸಾಲದ ಲೆಕ್ಕ ಇನ್ನೊಂದು ಕಡೆ ನಡೆಯುತ್ತಿರುತ್ತದೆ, ಮಧ್ಯದಲ್ಲಿ ನೌಕರ ಹೊರಟುಬಿಟ್ಟಿರುತ್ತಾನೆ. ಆಗಸ್ಟಿನ ಸಂಬಳ ಚೀಟಿಯಲ್ಲಿ ಆ ನಾಲ್ಕು ಸಾವಿರ ಕಡಿತವಾದದ್ದು ಇದ್ದೇ ಇದೆ, ಅದನ್ನು ಮೇಲ್‌ಗೆ ಲಗತ್ತಿಸಿದರೆ ಮುಗಿಯಿತು.

‘ಇತರೆ ವಸೂಲಿ’ ಎಂಬ ಸಾಲು ಕಂಡರೆ ಅಲ್ಲೇ ನಿಲ್ಲಿ. ಕೇಳಿದಾಗ ಗೊತ್ತಾಯಿತು, ಲ್ಯಾಪ್‌ಟಾಪಿನ ಪರದೆಗೆ ಗೀರು ಬಿದ್ದದ್ದಕ್ಕೆ ರೂ. 9,000. ನೌಕರರ ಅಲಕ್ಷ್ಯದಿಂದ ಆದ ಹಾನಿಗೆ ಹಣ ಹಿಡಿಯಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಹಿಡಿದ ಹಣ ಆದ ನಷ್ಟವನ್ನು ಮೀರಬಾರದು, ಹಿಡಿಯುವ ಮೊದಲು ಅವರ ಮಾತು ಕೇಳಬೇಕು. ಒಪ್ಪಿಸಿದ ದಿನವೇ ಐಟಿ ವಿಭಾಗದವರು ಸಾಮಾನಿನ ಸ್ಥಿತಿ ಬರೆದು ಇಬ್ಬರೂ ಸಹಿ ಮಾಡಿದ್ದರೆ ಈ ಜಗಳವೇ ಇರುತ್ತಿರಲಿಲ್ಲ. ಕೊನೆಗೆ ರಿಪೇರಿಯ ಬಿಲ್ಲು ತರಿಸಿದಾಗ ಖರ್ಚು ರೂ. 2,800.

ಸರಿಮಾಡಿದ ಪತ್ರದಲ್ಲಿ ವಸೂಲಿ ಮೂರೇ ಸಾಲು: ನೋಟಿಸ್ ರೂ. 11,000, ಮುಂಗಡ ರೂ. 8,000, ಲ್ಯಾಪ್‌ಟಾಪ್ ರಿಪೇರಿ ರೂ. 2,800. ಒಟ್ಟು ರೂ. 21,800. ಕೈಗೆ ರೂ. 1,58,394. ಮೊದಲ ಪತ್ರಕ್ಕಿಂತ ರೂ. 25,160 ಹೆಚ್ಚು.

ಈ ಮೊತ್ತವನ್ನೂ ಎರಡಾಗಿ ತೋರಿಸುವುದು ಮೇಲು. ಸಂಬಳ, ರಜೆ, ಪ್ರಯಾಣದ ಬಿಲ್ಲು ಸೇರಿ ರೂ. 61,400, ಅದರಿಂದ ಕಡಿತ, ವಸೂಲಿ ಎರಡನ್ನೂ ಕಳೆದರೆ ರೂ. 37,240. ಗ್ರಾಚ್ಯುಟಿ ಅದರ ಪಾಡಿಗೆ ಬೇರೆ. ಗ್ರಾಚ್ಯುಟಿಯನ್ನು ತಡೆಹಿಡಿಯಲು ಕಾನೂನು ಹೇಳುವ ಕಾರಣಗಳು ಬೆರಳೆಣಿಕೆಯಷ್ಟು, ಅವು ದುರ್ನಡತೆಗಾಗಿ ಕೆಲಸದಿಂದ ತೆಗೆದವರಿಗೆ ಸಂಬಂಧಿಸಿದವು. ತಾನಾಗಿ ರಾಜೀನಾಮೆ ಕೊಟ್ಟವರು ನೋಟಿಸ್ ಪೂರೈಸಲಿಲ್ಲ ಎಂಬುದು ಆ ಪಟ್ಟಿಯಲ್ಲಿಲ್ಲ. ಎಲ್ಲವನ್ನೂ ಒಂದೇ ಮೊತ್ತಕ್ಕೆ ಸುರಿದ ಪತ್ರದಲ್ಲಿ ಯಾವುದು ಯಾವುದನ್ನು ತಿಂದಿತೆಂದು ಪತ್ತೆಯೇ ಆಗುವುದಿಲ್ಲ. ಗಡುವೂ ಬೇರೆ ಬೇರೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಂತೆ, ರಾಜೀನಾಮೆ ಕೊಟ್ಟವರಿಗೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಗ್ರಾಚ್ಯುಟಿಗೆ 30 ದಿನ. ‘45 ದಿನ ಆಗುತ್ತದೆ, ಅದೇ ನಮ್ಮ ಪಾಲಿಸಿ’ ಎಂಬ ಉತ್ತರ ಈಗಲೂ ಕಿವಿಗೆ ಬೀಳುತ್ತದೆ. ಪಾಲಿಸಿ ಕಾನೂನಿಗಿಂತ ದೊಡ್ಡದೇನಲ್ಲ.

ತರಬೇತಿ ಬಾಂಡ್ ಇದ್ದವರ ಕಥೆ ಬೇರೆ. ಮೂರು ವರ್ಷಕ್ಕೆ ಮೊದಲು ಬಿಟ್ಟರೆ ರೂ. 2 ಲಕ್ಷ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಕರ್ನಾಟಕ ಹೈಕೋರ್ಟ್ ಒಪ್ಪಿರಲಿಲ್ಲ. ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಅದನ್ನು ಎತ್ತಿಹಿಡಿಯಿತು. ಸಾರ್ವಜನಿಕ ಬ್ಯಾಂಕು ಮತ್ತೆ ನೇಮಕಾತಿ ಪ್ರಕ್ರಿಯೆ ನಡೆಸುವ ಖರ್ಚು, ಆ ಅಧಿಕಾರಿಯ ಹುದ್ದೆ ಮತ್ತು ಸಂಬಳ ಎಲ್ಲವನ್ನೂ ತೂಗಿ ಕೊಟ್ಟ ತೀರ್ಪು ಅದು. ಹಾಗಾಗಿ ಬಾಂಡ್ ಎಂದರೆ ಬರೀ ಬೆದರಿಕೆ ಎಂದು ತಳ್ಳಿಹಾಕುವ ಹಾಗಿಲ್ಲ. ಆ ಪ್ರಕರಣದ ಅಧಿಕಾರಿ ಹಣವನ್ನು ಆಕ್ಷೇಪ ದಾಖಲಿಸಿಯೇ ಕಟ್ಟಿದ್ದರು. ಎಫ್ ಅಂಡ್ ಎಫ್ ಪತ್ರದ ಕೆಳಗೆ ‘ಕಂಪನಿಯಿಂದ ನನಗೆ ಯಾವ ಬಾಕಿಯೂ ಇಲ್ಲ’ ಎಂಬ ಸಾಲಿಗೆ ಸಹಿ ಕೇಳಿದಾಗಲೂ ಇದೇ ದಾರಿ: ಒಪ್ಪದ ಸಾಲು ಯಾವುದು, ಎಷ್ಟು ರೂಪಾಯಿ ಎಂದು ಬರೆದು, ಆಕ್ಷೇಪದೊಂದಿಗೆ ಪಡೆದಿದ್ದೇನೆ ಎಂದು ಸೇರಿಸಿ ಸಹಿ ಮಾಡಬಹುದು.

ಈ ಪತ್ರದಲ್ಲಿ ಹುಡುಕಿದರೂ ಸಿಗದ ಒಂದು ಮೊತ್ತವೆಂದರೆ ಇಷ್ಟು ವರ್ಷ ಕೂಡಿದ ಪಿಎಫ್. ಅದು ಕಂಪನಿಯಲ್ಲಿಲ್ಲ, ಭವಿಷ್ಯ ನಿಧಿ ಸಂಘಟನೆಯಲ್ಲಿದೆ, ಹಾಗಾಗಿ ಇಲ್ಲಿ ಬರುವುದೂ ಇಲ್ಲ. ಆದರೆ ಪತ್ರದಲ್ಲಿರುವ ಕೊನೆಯ ಕೆಲಸದ ದಿನವೇ ರಿಲೀವಿಂಗ್ ಲೆಟರಿನಲ್ಲೂ, ಪಿಎಫ್ ಪೋರ್ಟಲ್ಲಿನ ನಿರ್ಗಮನ ದಿನಾಂಕದಲ್ಲೂ ಇದೆಯೇ ಎಂದು ನೋಡಿಕೊಳ್ಳಬೇಕು. ಒಂದು ಕಡೆ 18, ಇನ್ನೊಂದು ಕಡೆ 30 ಎಂದಿದ್ದರೆ ಎರಡು ಕಂಪನಿಗಳ ಸೇವೆ ಒಂದರ ಮೇಲೊಂದು ಬಿದ್ದಂತೆ ಕಾಣುತ್ತದೆ, ವರ್ಗಾವಣೆಯ ಅರ್ಜಿ ಅಲ್ಲೇ ಸಿಕ್ಕಿಬೀಳುತ್ತದೆ. ಕಂಪನಿ ಆ ದಿನಾಂಕವನ್ನು ಹಾಕದೇ ಬಿಟ್ಟಿದ್ದರೆ, ಕೊನೆಯ ವಂತಿಗೆಯ ನಂತರ ಎರಡು ತಿಂಗಳು ಕಳೆದ ಮೇಲೆ ನೌಕರರೇ ಪೋರ್ಟಲ್ಲಿನಲ್ಲಿ ನಮೂದಿಸಿಕೊಳ್ಳಬಹುದು.