ಒಂಬತ್ತು ಪರೀಕ್ಷೆ, ಮೂರು ಸಾಮರ್ಥ್ಯ

ಶಿಕಾಗೊ ಪ್ರದೇಶದ ಎರಡು ಶಾಲೆಗಳ 301 ಮಕ್ಕಳಿಗೆ ಹೋಲ್ಜಿಂಗರ್ ಮತ್ತು ಸ್ವೈನ್‌ಫೋರ್ಡ್ ಹಲವು ಪರೀಕ್ಷೆ ಕೊಟ್ಟು, ಫಲಿತಾಂಶವನ್ನು 1939ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಒಂಬತ್ತು ಪರೀಕ್ಷೆಗಳ ಅಂಕಗಳು ಇಂದಿಗೂ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳ ಅಭ್ಯಾಸಕ್ಕೆ ಬಳಕೆಯಾಗುತ್ತಿವೆ. ಈ ಅಂಕಗಳ ಹಿಂದೆ ನೇರವಾಗಿ ಅಳೆಯಲಾಗದ ಮೂರು ಸಾಮರ್ಥ್ಯಗಳಿವೆ ಎಂಬುದು ಊಹೆ: ನೋಡಿ ಗ್ರಹಿಸುವುದು, ಓದಿ ಅರ್ಥಮಾಡಿಕೊಳ್ಳುವುದು ಮತ್ತು ವೇಗ. ಯಾವ ಪರೀಕ್ಷೆ ಯಾವ ಸಾಮರ್ಥ್ಯಕ್ಕೆ ಸೇರಿದ್ದೆಂದು ಮೊದಲೇ ಹೇಳಿ, ಆ ಮಾತನ್ನು ದತ್ತಾಂಶದ ಮುಂದೆ ಒರೆಗೆ ಹಚ್ಚುವುದೇ ಕನ್ಫರ್ಮೇಟರಿ ಫ್ಯಾಕ್ಟರ್ ಅನಾಲಿಸಿಸ್. ಆರ್ ತಂತ್ರಾಂಶದ ಲವಾನ್ ಪ್ಯಾಕೇಜಿನಲ್ಲಿ ಇದನ್ನು ಬರೆಯಲು ಮೂರು ಸಾಲು ಸಾಕು:

```
visual  =~ x1 + x2 + x3
textual =~ x4 + x5 + x6
speed   =~ x7 + x8 + x9
```

ಒಂಬತ್ತು ಅಂಕಗಳ ನಡುವೆ ಒಟ್ಟು 45 ವೇರಿಯನ್ಸ್, ಕೋವೇರಿಯನ್ಸ್‌ಗಳಿವೆ. ಮಾದರಿ ಅಂದಾಜು ಮಾಡುವ ಸಂಖ್ಯೆಗಳು 21. ಉಳಿದ 24 ಸ್ವಾತಂತ್ರ್ಯಾಂಕಗಳಲ್ಲೇ ಮಾದರಿ ಸೋಲುವ ಅವಕಾಶವಿದೆ.

ಇಲ್ಲಿ ಕೈ-ಸ್ಕ್ವೇರ್ 85.306 ಬರುತ್ತದೆ. ಮಾದರಿ ಸರಿಯಿದ್ದರೆ ಅದು ಸರಾಸರಿಯಲ್ಲಿ 24ರ ಆಸುಪಾಸು ಇರಬೇಕಿತ್ತು. ಹಾಗಾಗಿ 61.306ರಷ್ಟು ಹೆಚ್ಚುವರಿ ತಪ್ಪಿದೆ. ಆದರೆ ಮಕ್ಕಳ ಸಂಖ್ಯೆ ಹೆಚ್ಚಿದಂತೆ ಸಣ್ಣ ತಪ್ಪಿಗೂ ಕೈ-ಸ್ಕ್ವೇರ್ ಉಬ್ಬುತ್ತದೆ; ಉಳಿದ ಸೂಚ್ಯಂಕಗಳು ಬೇಕಾಗುವುದು ಅದಕ್ಕೇ.

ಆರ್‌ಎಂಎಸ್‌ಇಎ ಈ ಹೆಚ್ಚುವರಿಯನ್ನು 24ರಿಂದಲೂ 301ರಿಂದಲೂ ಭಾಗಿಸಿ ವರ್ಗಮೂಲ ತೆಗೆಯುತ್ತದೆ: 0.092. ಸಿಎಫ್‌ಐ ಬೇರೆ ದಾರಿ ಹಿಡಿಯುತ್ತದೆ. ಪರೀಕ್ಷೆಗಳ ನಡುವೆ ಸಂಬಂಧವೇ ಇಲ್ಲವೆನ್ನುವ ಬಡ ಮಾದರಿಯ ಹೆಚ್ಚುವರಿ ತಪ್ಪು 882.852. ಅದರಲ್ಲಿ ಎಷ್ಟು ಪಾಲನ್ನು ನಮ್ಮ ಮಾದರಿ ಅಳಿಸಿತೆಂದು ನೋಡಿದರೆ ಸಿಗುವುದು 0.931. ಎಸ್‌ಆರ್‌ಎಂಆರ್ ನಿಜವಾದ ಸಹಸಂಬಂಧಗಳಿಗೂ ಮಾದರಿ ಹೇಳುವ ಸಹಸಂಬಂಧಗಳಿಗೂ ಇರುವ ಸರಾಸರಿ ಅಂತರ: 0.065.

ಹೂ ಮತ್ತು ಬೆಂಟ್ಲರ್ 1999ರಲ್ಲಿ ಸೂಚಿಸಿದ ಗಡಿಗಳು ಸಿಎಫ್‌ಐಗೆ ಸುಮಾರು 0.95, ಆರ್‌ಎಂಎಸ್‌ಇಎಗೆ 0.06, ಎಸ್‌ಆರ್‌ಎಂಆರ್‌ಗೆ 0.08. ಮೊದಲೆರಡರಲ್ಲಿ ಮಾದರಿ ಹಿಂದೆ ಬಿದ್ದಿದೆ, ಮೂರನೆಯದರಲ್ಲಿ ಪಾಸಾಗಿದೆ. ಪಾಸಾದ ಒಂದನ್ನೇ ವರದಿ ಮಾಡಿ ಸುಮ್ಮನಾಗುವುದು ಪ್ರಾಮಾಣಿಕವಲ್ಲ.

ತಪ್ಪು ಎಲ್ಲಿದೆ? ಮಾಡಿಫಿಕೇಷನ್ ಇಂಡೆಕ್ಸ್‌ಗಳ ಪಟ್ಟಿಯಲ್ಲಿ ಮೊದಲು ಕಾಣುವುದು x9. ಅದು ನೇರ ಗೆರೆಯ ಮತ್ತು ಬಾಗಿದ ದೊಡ್ಡಕ್ಷರಗಳನ್ನು ಬೇಗ ಬೇರ್ಪಡಿಸುವ ಪರೀಕ್ಷೆ. ಅದಕ್ಕೆ ವೇಗದ ಜೊತೆ ಕಣ್ಣಿನ ಗ್ರಹಿಕೆಯೂ ಬೇಕಲ್ಲವೇ? `visual` ಸಾಲಿಗೆ x9 ಸೇರಿಸಿದರೆ ಕೈ-ಸ್ಕ್ವೇರ್ 52.382ಕ್ಕೆ ಇಳಿದು, ಸಿಎಫ್‌ಐ 0.967ಕ್ಕೆ ಏರುತ್ತದೆ. ಆರ್‌ಎಂಎಸ್‌ಇಎ 0.065. ಈ ತಿದ್ದುಪಡಿಗೆ ಅರ್ಥವಿದೆ ನಿಜ. ಆದರೆ ದತ್ತಾಂಶ ನೋಡಿದ ಮೇಲೆ ಮಾಡಿದ್ದರಿಂದ ಬೇರೆ ಮಕ್ಕಳ ಅಂಕಗಳಲ್ಲೂ ಅದು ನಿಲ್ಲುತ್ತದೆಯೇ ಎಂದು ನೋಡಬೇಕು.

ಸಾಮರ್ಥ್ಯಗಳ ನಡುವಿನ ಸಹಸಂಬಂಧಗಳ ಜಾಗದಲ್ಲಿ ಬಾಣಗಳನ್ನು ಎಳೆದರೆ ಸ್ಟ್ರಕ್ಚರಲ್ ಈಕ್ವೇಷನ್ ಮಾಡೆಲ್ ಸಿದ್ಧ. ಮೊದಲ ಮಾದರಿಯ ಮೂರು ಸಹಸಂಬಂಧಗಳ ಬದಲು ಮೂರು ಬಾಣಗಳನ್ನಿಟ್ಟು, ಗ್ರಹಿಕೆಯೇ ಓದಿಗೆ ಕಾರಣವೆನ್ನಿ, ಇಲ್ಲವೇ ಓದೇ ಗ್ರಹಿಕೆಗೆ ಕಾರಣವೆನ್ನಿ. ಎರಡರಲ್ಲೂ ಕೈ-ಸ್ಕ್ವೇರ್ ಅದೇ 85.306, ಸ್ವಾತಂತ್ರ್ಯಾಂಕ ಅದೇ 24. ಬಾಣದ ದಿಕ್ಕನ್ನು ಈ ಸೂಚ್ಯಂಕಗಳು ತೀರ್ಮಾನಿಸಲಾರವು. ಅದಕ್ಕೆ ಪ್ರಯೋಗವೋ, ಕಾಲಕ್ರಮದಲ್ಲಿ ಮತ್ತೆ ಮತ್ತೆ ಅಳೆದ ಅಂಕಗಳೋ ಬೇಕು.